3, 3, 8, 8 ರಿಂದ 24

ಕೊಟ್ಟಿರುವ ನಾಲ್ಕು ಸಂಖ್ಯೆಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸಿ 24 ಮಾಡಬೇಕು. ಪ್ರತಿ ಸಂಖ್ಯೆಯನ್ನೂ ಒಂದೇ ಒಂದು ಸಲ ಬಳಸಬೇಕು, ಯಾವುದನ್ನೂ ಬಿಡುವಂತಿಲ್ಲ. ಆವರಣಗಳನ್ನು ಎಲ್ಲಿ ಬೇಕಾದರೂ ಹಾಕಬಹುದು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು 38 ಎಂದು ಓದುವುದು ಮಾತ್ರ ನಿಷಿದ್ಧ. ಚೀನಾದಲ್ಲಿ ಇದನ್ನು ಇಸ್ಪೀಟು ಎಲೆಗಳಿಂದ ಆಡುತ್ತಾರೆ: ಎಕ್ಕಕ್ಕೆ 1, ಗುಲಾಮನಿಗೆ 11, ರಾಣಿಗೆ 12, ರಾಜನಿಗೆ 13. ನಾಲ್ಕು ಎಲೆ ಬಿಚ್ಚಿಟ್ಟ ಮೇಲೆ ಯಾರು ಮೊದಲು 24 ಮಾಡುತ್ತಾರೋ ಅವರು ಗೆದ್ದಂತೆ. ಅಮೆರಿಕದಲ್ಲಿ ರಾಬರ್ಟ್ ಸನ್ ಎಂಬುವರು 1988ರಲ್ಲಿ ಇದೇ ಬಗೆಯ ಆಟವನ್ನು ಮುದ್ರಿತ ಕಾರ್ಡುಗಳ ರೂಪದಲ್ಲಿ ತಂದರು.

ಗುರಿ 24 ಆಗಿರುವುದಕ್ಕೆ ಕಾರಣವಿದೆ. 1, 2, 3, 4, 6, 8, 12, 24 ಹೀಗೆ ಎಂಟು ಸಂಖ್ಯೆಗಳು ಅದನ್ನು ಶೇಷವಿಲ್ಲದೆ ಭಾಗಿಸುತ್ತವೆ. ಎಂಟು ಭಾಜಕಗಳಿರುವ ಸಂಖ್ಯೆಗಳಲ್ಲಿ ಅತಿ ಚಿಕ್ಕದು 24. ಆದ್ದರಿಂದ ಆಟಗಾರರ ಮನಸ್ಸು ಮೊದಲು ಓಡುವುದು 3×8, 4×6, 2×12ರ ಕಡೆಗೆ. 4, 7, 8, 8 ಬಂದರೆ 4ನ್ನು ಹಿಡಿದುಕೊಂಡು, ಉಳಿದ ಮೂರರಿಂದ 6 ಮಾಡಲು ನೋಡುತ್ತಾರೆ. 8ನ್ನು 8ರಿಂದ ಭಾಗಿಸಿದರೆ 1, ಅದನ್ನು 7ರಿಂದ ಕಳೆದರೆ 6, ಲೆಕ್ಕ ಮುಗಿಯಿತು. ಹೆಚ್ಚಿನ ಕೈಗಳು ಹೀಗೆಯೇ ಬಗೆಹರಿಯುತ್ತವೆ.

3, 3, 8, 8ರಲ್ಲಿ ಈ ದಾರಿ ಮುಚ್ಚಿಹೋಗುತ್ತದೆ. ಮೂರೆಂಟಲಿ ಇಪ್ಪತ್ನಾಲ್ಕು ಕಣ್ಣೆದುರಿಗೇ ಇದೆ. ಆದರೆ ಹಾಗೆ ಮಾಡಿದರೆ ಇನ್ನೊಂದು 3 ಮತ್ತು ಇನ್ನೊಂದು 8 ಕೈಯಲ್ಲಿ ಉಳಿಯುತ್ತವೆ. 24 ಕೆಡದಂತೆ ಅವನ್ನು ಸೇರಿಸಬೇಕಾದರೆ ಆ ಎರಡರಿಂದ 0 ಇಲ್ಲವೇ 1 ಬರಬೇಕು. 3 ಮತ್ತು 8ರಿಂದ ಅದು ಸಾಧ್ಯವಿಲ್ಲ. ಇಲ್ಲಿಂದ ಮುಂದೆ ಊಹೆ ಎಷ್ಟೇ ಚುರುಕಾಗಿದ್ದರೂ ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತದೆ. ನೋಡಿದ್ದನ್ನೇ ಮತ್ತೆ ನೋಡದ, ಯಾವುದನ್ನೂ ಬಿಡದ ಒಂದು ಕ್ರಮ ಬೇಕಾಗುತ್ತದೆ.

ಆ ಕ್ರಮದ ತಿರುಳು ಬಹಳ ಸರಳ. ಪಟ್ಟಿಯಿಂದ ಯಾವುದಾದರೂ ಎರಡು ಸಂಖ್ಯೆ ತೆಗೆದುಕೊಂಡು, ಒಂದು ಕ್ರಿಯೆ ಮಾಡಿ, ಬಂದ ಉತ್ತರವನ್ನು ಪಟ್ಟಿಗೆ ವಾಪಸು ಹಾಕುವುದು. ನಾಲ್ಕು ಸಂಖ್ಯೆಗಳಿದ್ದ ಪಟ್ಟಿಯಲ್ಲಿ ಈಗ ಮೂರು ಉಳಿದವು. ಅದೇ ಕೆಲಸವನ್ನು ಮತ್ತೆ ಮಾಡಿದರೆ ಎರಡು, ಇನ್ನೊಮ್ಮೆ ಮಾಡಿದರೆ ಒಂದು. ಆ ಒಂದು 24 ಆಗಿದ್ದರೆ ಉತ್ತರ ಸಿಕ್ಕಿತು. ಆಗಿಲ್ಲದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಬಂದು ಬೇರೆ ಕ್ರಿಯೆ. ಕ್ರಿಯೆಗಳೆಲ್ಲ ಮುಗಿದರೆ ಬೇರೆ ಜೋಡಿ. ಜೋಡಿಗಳೂ ಮುಗಿದರೆ ಇನ್ನೂ ಒಂದು ಹೆಜ್ಜೆ ಹಿಂದೆ.

ಇಷ್ಟರಲ್ಲೇ ಎಲ್ಲವೂ ಅಡಕವಾಗಿದೆಯೇ, ಆವರಣಗಳ ಕಥೆ ಏನು ಎಂಬ ಸಂಶಯ ಸಹಜ. ಎಷ್ಟೇ ಜಟಿಲವಾಗಿ ಆವರಣ ಹಾಕಿದ ಲೆಕ್ಕವನ್ನು ತೆಗೆದುಕೊಂಡರೂ ಅದರಲ್ಲಿ ಮೊದಲು ಮಾಡಬೇಕಾದ ಕ್ರಿಯೆ ಒಂದು ಇದ್ದೇ ಇರುತ್ತದೆ, ಮತ್ತು ಅದು ಕೊಟ್ಟ ಸಂಖ್ಯೆಗಳಲ್ಲೇ ಎರಡರ ನಡುವಿನದು. ಅದನ್ನು ಮಾಡಿ ಮುಗಿಸಿದರೆ ಉಳಿಯುವುದು ಮೂರು ಸಂಖ್ಯೆಗಳ ಲೆಕ್ಕ. ಹೀಗಾಗಿ ಆವರಣಗಳನ್ನು ಬೇರೆಯಾಗಿ ಎಣಿಸಬೇಕಾಗಿಲ್ಲ. ಯಾವ ಜೋಡಿ ಮೊದಲು ಎಂಬ ಆಯ್ಕೆಯೇ ಆವರಣದ ಕೆಲಸ ಮಾಡುತ್ತದೆ.

ದಾರಿಗಳು ಎಷ್ಟು ಎಂಬುದನ್ನೂ ಮೊದಲೇ ಹೇಳಬಹುದು. ನಾಲ್ಕು ಸಂಖ್ಯೆಗಳಿಂದ 6 ಜೋಡಿ. ಕೂಡುವುದರಲ್ಲೂ ಗುಣಿಸುವುದರಲ್ಲೂ ಯಾವುದು ಮುಂದಿದ್ದರೂ ಒಂದೇ. ಕಳೆಯುವುದಕ್ಕೂ ಭಾಗಿಸುವುದಕ್ಕೂ ಎರಡೆರಡು ಬಗೆ. ಅಂದರೆ ಒಂದು ಜೋಡಿಗೆ 6 ಉತ್ತರ, ಮೊದಲ ಹೆಜ್ಜೆಯಲ್ಲಿ 36 ದಾರಿ. ಮೂರು ಸಂಖ್ಯೆಗಳಿದ್ದಾಗ 3 ಜೋಡಿ, 18 ದಾರಿ. ಎರಡಿದ್ದಾಗ 6. ಮೂರನ್ನೂ ಗುಣಿಸಿದರೆ 3,888. ಕಂಪ್ಯೂಟರಿಗೆ ಇದು ಕಣ್ಣುಮಿಟುಕಿಸುವಷ್ಟರ ಕೆಲಸ.

ಕಾಗದದ ಮೇಲೆ ಮಾಡುವವರಿಗೆ ಇದನ್ನು ಕುಗ್ಗಿಸುವ ಉಪಾಯಗಳಿವೆ. ಮೊದಲನೆಯದು, ಋಣ ಸಂಖ್ಯೆಗಳನ್ನು ಬಿಟ್ಟುಬಿಡುವುದು. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಸಾಕು, ಏಕೆಂದರೆ ಋಣ ಸಂಖ್ಯೆಯನ್ನು ಕೂಡುವುದೆಂದರೆ ಅದರ ಧನ ರೂಪವನ್ನು ಕಳೆಯುವುದೇ. ಗುಣಾಕಾರ ಭಾಗಾಕಾರಗಳಲ್ಲಿ ಬದಲಾಗುವುದು ಚಿಹ್ನೆ ಮಾತ್ರ. ಎರಡನೆಯದು, ಹುಡುಕಾಟವನ್ನು ಕೊನೆಯಿಂದ ನೋಡುವುದು. ಕೊನೆಯ ಕ್ರಿಯೆಯ ಎರಡು ಬದಿಗಳಲ್ಲಿ ಒಂದೋ ಎರಡೆರಡು ಸಂಖ್ಯೆಗಳಿಂದ ಬಂದ ಉತ್ತರಗಳಿರುತ್ತವೆ, ಇಲ್ಲವೇ ಒಂದು ಬದಿಯಲ್ಲಿ ಮೂರರ ಉತ್ತರ, ಇನ್ನೊಂದು ಬದಿಯಲ್ಲಿ ಒಂಟಿ ಸಂಖ್ಯೆ.

3, 3, 8, 8ಕ್ಕೆ ಇದನ್ನು ಹಚ್ಚಿ ನೋಡಬಹುದು. ಎರಡೆರಡಾಗಿ ಹಂಚುವುದಾದರೆ 3, 3ರಿಂದ ಬರುವುದು 0, 1, 6, 9. 8, 8ರಿಂದ 0, 1, 16, 64. ಇವನ್ನು ಹೇಗೆ ಸೇರಿಸಿದರೂ 24 ಇಲ್ಲ. ತೀರಾ ಹತ್ತಿರ ಬರುವ 9+16 ಕೂಡ 25ಕ್ಕೆ ನಿಲ್ಲುತ್ತದೆ. ಎರಡೂ ಬದಿಗೆ 3, 8 ಇಟ್ಟರೆ ಪ್ರತಿ ಬದಿಯಲ್ಲೂ 5, 11, 24, 3/8, 8/3 ಬರಬಹುದು. ಅಲ್ಲೂ ಯಾವ ಜೋಡಿಯೂ ಕೂಡಿಬರುವುದಿಲ್ಲ.

ಇನ್ನು ಒಂಟಿಯಾಗಿ 3 ಉಳಿದರೆ, 3, 8, 8ರಿಂದ 21, 27, 8, 72 ಅಥವಾ 1/8 ಬರಬೇಕು. 3ರ ಜೊತೆ ಸೇರಿ 24 ಆಗಬಲ್ಲ ಸಂಖ್ಯೆಗಳು ಇವೇ. ಬರೆದು ನೋಡಿದರೆ ಇವುಗಳಲ್ಲಿ ಒಂದೂ ಬರುವುದಿಲ್ಲ. ಕೊನೆಯ ಸಾಧ್ಯತೆ, ಒಂಟಿಯಾಗಿ 8 ಉಳಿಯುವುದು. ಆಗ ಬೇಕಾಗಿರುವುದು 16, 32, 3, 192 ಅಥವಾ 1/3. ಕೊನೆಯದನ್ನು ಗಮನಿಸಬೇಕು: 8ನ್ನು 1/3ರಿಂದ ಭಾಗಿಸಿದರೆ 24. ಇಲ್ಲಿಯವರೆಗೆ ಯಾರ ಮನಸ್ಸಿಗೂ ಬಾರದಿದ್ದ ಸಂಖ್ಯೆ ಬೇಡಿಕೆಯ ಪಟ್ಟಿಗೆ ತಾನಾಗಿ ಬಂದು ಕೂತಿದೆ. 3, 3, 8ರಿಂದ 1/3 ಬರುತ್ತದೆಯೇ? 8/3 ಎಂದರೆ ಎರಡು ಪೂರ್ಣ ಮೂರನೆಯ ಎರಡು. ಅದನ್ನು 3ರಿಂದ ಕಳೆದರೆ ಮೂರನೆಯ ಒಂದು. ಉತ್ತರ ಇದು:

`8 / (3 - 8/3) = 24`

ಪಟ್ಟಿಯ ಉಳಿದ ಸಂಖ್ಯೆಗಳು 3, 3, 8ರಿಂದ ಬರುವುದಿಲ್ಲ, 1/3 ಬರುವುದೂ ಈ ಒಂದೇ ದಾರಿಯಲ್ಲಿ. ಹಾಗಾಗಿ ಉತ್ತರ ಸಿಕ್ಕಿದ್ದು ಮಾತ್ರವಲ್ಲ, ಇದು ಬಿಟ್ಟು ಬೇರೆ ಉತ್ತರವೇ ಇಲ್ಲ ಎಂಬುದೂ ಸಿದ್ಧವಾಯಿತು. ಚುರುಕು ಆಟಗಾರನೊಬ್ಬ ಹೊಳೆದು ಹೇಳಿದ ಉತ್ತರಕ್ಕೆ ಈ ಎರಡನೆಯ ಬಲ ಇರುವುದಿಲ್ಲ. ಭಿನ್ನರಾಶಿಯ ಮೂಲಕವೇ ಹೋಗಬೇಕಾದ ಇಂಥ ಕೈಗಳು ಇನ್ನೂ ಇವೆ: 1, 5, 5, 5, 3, 3, 7, 7, 1, 3, 4, 6. ಓದುಗರು ಇದೇ ಕ್ರಮದಲ್ಲಿ ಇವನ್ನೂ ಬಿಡಿಸಬಹುದು.

ಇದೇ ಹುಡುಕಾಟವನ್ನು ಕಂಪ್ಯೂಟರಿಗೆ ಬರೆದುಕೊಟ್ಟಾಗ ತಪ್ಪುವ ಜಾಗಗಳು ಮುಖ್ಯವಾಗಿ ಎರಡು. ಒಂದು, ಲೆಕ್ಕವನ್ನು ಎಡದಿಂದ ಬಲಕ್ಕೆ ಮಾತ್ರ ಕಟ್ಟುವುದು: ಮೊದಲ ಎರಡರ ಉತ್ತರಕ್ಕೆ ಮೂರನೆಯದು, ಅದಕ್ಕೆ ನಾಲ್ಕನೆಯದು. ಸಂಖ್ಯೆಗಳ ಸ್ಥಾನ ಎಷ್ಟೇ ಅದಲುಬದಲು ಮಾಡಿದರೂ ಹೀಗೆ ಬರೆದ ಪ್ರೋಗ್ರಾಂ 1, 1, 2, 7ಕ್ಕೆ ಉತ್ತರವಿಲ್ಲ ಎನ್ನುತ್ತದೆ. ಅಲ್ಲಿನ ಉತ್ತರ (1+2)×(1+7). ಎರಡು ಜೋಡಿಗಳು ಬೇರೆ ಬೇರೆ ಬೆಳೆದು ಕೊನೆಗೆ ಸೇರಬೇಕು, ಬೇರೆ ದಾರಿಯಿಲ್ಲ. ಜೋಡಿಯನ್ನು ತೆಗೆದು ಪಟ್ಟಿಗೆ ವಾಪಸು ಹಾಕುವ ಕ್ರಮದಲ್ಲಿ ಈ ದೋಷ ಹುಟ್ಟುವುದೇ ಇಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಕಂಪ್ಯೂಟರು ಸಾಮಾನ್ಯವಾಗಿ 8/3ನ್ನು ದ್ವಿಮಾನ ರೂಪದಲ್ಲಿ ಇಟ್ಟುಕೊಳ್ಳುತ್ತದೆ, ಮತ್ತು ಎಲ್ಲೋ ಒಂದು ಕಡೆ ಅದನ್ನು ಕತ್ತರಿಸಲೇಬೇಕು. ಪೈಥಾನ್ ಭಾಷೆಯಲ್ಲಿ ಮೇಲಿನ ಉತ್ತರವನ್ನು ಹಾಗೇ ಕೊಟ್ಟರೆ ಪರದೆಯ ಮೇಲೆ ಕಾಣುವುದು 24 ಅಲ್ಲ:

```python
>>> 8 / (3 - 8/3)
23.99999999999999
```

ಫಲಿತಾಂಶ 24ಕ್ಕೆ ಸಮವೇ ಎಂದು ಕೇಳುವ ಪ್ರೋಗ್ರಾಂ ಇದನ್ನು ತಳ್ಳಿಹಾಕಿ, ಸರಿಯಾದ ಉತ್ತರದ ಮೇಲೆಯೇ ಹಾದುಹೋಗುತ್ತದೆ. ಸರಿಯಾದ ಪರಿಹಾರವೆಂದರೆ ಪ್ರತಿ ಸಂಖ್ಯೆಯನ್ನೂ ಅಂಶ ಮತ್ತು ಛೇದಗಳ ಜೋಡಿಯಾಗಿ ಇಟ್ಟುಕೊಳ್ಳುವುದು. ಪೈಥಾನ್‌ನ `Fraction` ಇದನ್ನೇ ಮಾಡುತ್ತದೆ. ಸೊನ್ನೆಯಿಂದ ಭಾಗಿಸುವ ದಾರಿಗಳನ್ನು ಮೊದಲೇ ಮುಚ್ಚಬೇಕೆಂಬುದನ್ನು ಹೇಳಬೇಕಾಗಿಲ್ಲ. ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು ಸುಲಭದ ಕೈಗಳನ್ನು ಕೊಟ್ಟು ಪ್ರಯೋಜನವಿಲ್ಲ; 3, 3, 8, 8 ಮತ್ತು 1, 1, 2, 7 ಕೊಟ್ಟು ನೋಡಬೇಕು.

1ರಿಂದ 13ರವರೆಗಿನ ಬೆಲೆಗಳಿಂದ, ಬಣ್ಣ ಲೆಕ್ಕಿಸದೆ, ನಾಲ್ಕು ಎಲೆಗಳ ಬೇರೆ ಬೇರೆ ಕೈಗಳು 1,820. ಪೂರ್ಣ ಹುಡುಕಾಟ ನಡೆಸಿದರೆ ಅವುಗಳಲ್ಲಿ 1,362ಕ್ಕೆ ಉತ್ತರವಿದೆ, 458ಕ್ಕೆ ಇಲ್ಲ. ಕೆಲವು ನೋಡಿದ ಕೂಡಲೇ ತಿಳಿಯುತ್ತವೆ: ನಾಲ್ಕು ಎಕ್ಕಗಳಿಂದ 4ಕ್ಕಿಂತ ದೊಡ್ಡದು ಬರುವುದಿಲ್ಲ. ಮಿಕ್ಕ ಹೆಚ್ಚಿನವುಗಳಲ್ಲಿ ಇಂಥ ಚಿಕ್ಕ ಕಾರಣ ಸಿಗುವುದಿಲ್ಲ. ಎಲ್ಲ ದಾರಿಗಳನ್ನೂ ನಡೆದು ಮುಗಿಸಿರುವುದೇ ಇಲ್ಲ ಎನ್ನುವುದಕ್ಕೆ ಆಧಾರ.

ಸಂಖ್ಯೆಗಳು ನಾಲ್ಕರಿಂದ ಆರಾದರೆ ಹುಡುಕಾಟದ ಗಾತ್ರ ಬದಲಾಗುತ್ತದೆ. 90, 60, 36, 18, 6 ಇಷ್ಟನ್ನೂ ಗುಣಿಸಬೇಕು. ಬರುವುದು 2 ಕೋಟಿ 9 ಲಕ್ಷ 95 ಸಾವಿರದ 200. ಬ್ರಿಟನ್ನಿನ ಚಾನೆಲ್ 4ರಲ್ಲಿ 1982ರಿಂದ ಬರುತ್ತಿರುವ ಕೌಂಟ್‌ಡೌನ್ ಕಾರ್ಯಕ್ರಮದ ಸ್ಪರ್ಧಿಗಳು ಇಂಥ ಲೆಕ್ಕವನ್ನು 30 ಸೆಕೆಂಡಿನಲ್ಲಿ ಬಿಡಿಸಬೇಕು. ಅಲ್ಲಿ ಗುರಿ ಮೂರಂಕಿಯದು, ಎಲ್ಲ ಸಂಖ್ಯೆಗಳನ್ನೂ ಬಳಸಲೇಬೇಕೆಂದಿಲ್ಲ, ಆದರೆ ನಡುವೆ ಭಿನ್ನರಾಶಿ ಬರುವಂತಿಲ್ಲ. ಈ ಕೊನೆಯ ನಿಯಮ ಹುಡುಕುವವರಿಗೆ ದೊಡ್ಡ ಅನುಕೂಲ. ಶೇಷ ಉಳಿಯುವ ಭಾಗಾಕಾರಗಳೆಲ್ಲ ಅಲ್ಲೇ ಕತ್ತರಿಸಿ ಹೋಗುತ್ತವೆ. ಒಮ್ಮೆ ನೋಡಿದ ಪಟ್ಟಿಯನ್ನು ನೆನಪಿಟ್ಟುಕೊಂಡು ಎರಡನೆಯ ಸಲ ಬಂದಾಗ ಬಿಟ್ಟುಬಿಟ್ಟರೆ ಕೆಲಸ ಇನ್ನಷ್ಟು ಕುಗ್ಗುತ್ತದೆ.

ಆ ಕಾರ್ಯಕ್ರಮದ ಅತಿ ಹೆಸರುವಾಸಿಯಾದ ಲೆಕ್ಕದಲ್ಲಿ ಸಂಖ್ಯೆಗಳು 25, 50, 75, 100, 3, 6, ಗುರಿ 952. ಸ್ಪರ್ಧಿ 100ಕ್ಕೆ 6 ಕೂಡಿ, 3ರಿಂದಲೂ 75ರಿಂದಲೂ ಗುಣಿಸಿ 23,850ಕ್ಕೆ ಹೋದರು. ಅದರಿಂದ 50 ಕಳೆದು 25ರಿಂದ ಭಾಗಿಸಿದಾಗ ಸರಿಯಾಗಿ 952 ಬಂತು. ಬಾಯಲ್ಲೇ ಮಾಡಿದ ಆ ಲೆಕ್ಕ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಕ್ರಮಬದ್ಧ ಹುಡುಕಾಟವನ್ನು ಇದಕ್ಕೆ ಹಚ್ಚಿದರೆ ಸಾವಿರ ದಾಟದ ದಾರಿಯೂ ಸಿಗುತ್ತದೆ: 75×6=450, 50ರಿಂದ ಭಾಗಿಸಿದರೆ 9; 100+3=103; 103×9=927; ಉಳಿದಿರುವ 25 ಕೂಡಿದರೆ 952.