‘ಇಲ್ಲ’ ಎಂದು ಬರೆದ ಹೋಂಸ್ಟೇ

ಮಲೆನಾಡಿನ ಹೋಂಸ್ಟೇ ಜಾಹೀರಾತುಗಳನ್ನು ಸಾಲಾಗಿ ಓದುತ್ತಾ ಹೋದರೆ ಎಲ್ಲವನ್ನೂ ಒಬ್ಬನೇ ಕೂತು ಬರೆದಂತಿರುತ್ತದೆ. ಇಪ್ಪತ್ನಾಲ್ಕು ಗಂಟೆ ಬಿಸಿನೀರು, ವೈಫೈ, ಕ್ಯಾಂಪ್ ಫೈರ್, ಜಲಪಾತಕ್ಕೆ ಹತ್ತೇ ನಿಮಿಷ. ಆ ಹತ್ತು ನಿಮಿಷ ಜೀಪಿನದೋ ನಡಿಗೆಯದೋ ಅನ್ನುವುದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾಗುವುದು. ಇಂಥ ಬರಹದಿಂದ ಅತಿಥಿಗಷ್ಟೇ ಅಲ್ಲ, ಮನೆಯವರಿಗೂ ನಷ್ಟ. ರೆಸಾರ್ಟ್ ಅಂದುಕೊಂಡು ಬಂದವರು ರಾತ್ರಿ ಹನ್ನೊಂದಕ್ಕೆ ಚಿಕನ್ ಕಬಾಬ್ ಕೇಳಿದರೆ, ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯಬೇಕಾದ ಮನೆಯಾಕೆ ಏನು ಮಾಡಬೇಕು?

ಹಾಗಾದರೆ ಸರಿಯಾದ ಪರಿಚಯ ಹೇಗಿರಬೇಕು? ಉದಾಹರಣೆಗೆ ಚಿಕ್ಕಮಗಳೂರು ಜಿಲ್ಲೆಯ ಕಳಸದ ಸುತ್ತಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ನಾಲ್ಕೈದು ಎಕರೆ ಅಡಿಕೆ, ಅದರ ನಡುವೆ ಕಾಫಿ, ಮೆಣಸಿನ ಬಳ್ಳಿ. ಹಂಚಿನ ಮನೆ, ಅತಿಥಿಗಳಿಗೆಂದು ಮೂರು ಕೋಣೆ. ಗಂಡ, ಹೆಂಡತಿ, ವಯಸ್ಸಾದ ಅಮ್ಮ ಅಲ್ಲಿಯೇ ಇರುತ್ತಾರೆ. ಹೀಗೆ ಮನೆಯವರು ಇರುವುದು ಬರೀ ಆತ್ಮೀಯತೆಯ ಮಾತಲ್ಲ. ಪ್ರವಾಸೋದ್ಯಮ ಇಲಾಖೆಯ ಲೆಕ್ಕದಲ್ಲಿ ಹೋಂಸ್ಟೇ ಅನ್ನಿಸಿಕೊಳ್ಳಬೇಕಾದರೆ ಯಜಮಾನರು ಅದೇ ಜಾಗದಲ್ಲಿ ವಾಸವಿರಬೇಕು, ಬಾಡಿಗೆಗೆ ಕೊಡುವ ಕೋಣೆಗಳು ಐದನ್ನು ಮೀರಬಾರದು. ತೋಟದ ಮಧ್ಯೆ ಹನ್ನೆರಡು ಕಾಟೇಜು ಕಟ್ಟಿ, ಮ್ಯಾನೇಜರನನ್ನು ಕೂರಿಸಿದ್ದನ್ನು ಏನು ಬೇಕಾದರೂ ಕರೆಯಿರಿ, ಹೋಂಸ್ಟೇ ಅನ್ನಬೇಡಿ.

ಈ ಮನೆಯ ಪರಿಚಯದ ಮೊದಲ ಸಾಲೇ ರಸ್ತೆಯ ಬಗ್ಗೆ ಇರಬೇಕು. ‘ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣುದಾರಿ, ಒಂದು ಏರು ಕಡಿದಾಗಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸಣ್ಣ ಕಾರು ಹತ್ತುವುದಿಲ್ಲ. ಕಾರನ್ನು ಡಾಂಬರು ರಸ್ತೆಯ ಪಕ್ಕ ನಿಲ್ಲಿಸಿದರೆ ನಮ್ಮ ಜೀಪು ಬರುತ್ತದೆ, ಹೋಗಿ ಬರಲು 800 ರೂಪಾಯಿ.’ ಇಷ್ಟನ್ನು ಓದಿದವರಲ್ಲಿ ಕೆಲವರು ಬೇರೆ ಮನೆ ಹುಡುಕುತ್ತಾರೆ. ಹುಡುಕಲಿ. ಕತ್ತಲಲ್ಲಿ ಕೆಸರಿನಲ್ಲಿ ಚಕ್ರ ಹೂತು, ಮಕ್ಕಳನ್ನು ಎತ್ತಿಕೊಂಡು ನಡೆದು ಬಂದು, ಮೊದಲ ರಾತ್ರಿಯೇ ಮುಖ ಗಂಟಿಕ್ಕಿಕೊಂಡು ಊಟಕ್ಕೆ ಕೂರುವುದಕ್ಕಿಂತ ಅದು ಇಬ್ಬರಿಗೂ ಮೇಲು. ದೊಡ್ಡ ರಸ್ತೆಯ ವಿಷಯವನ್ನೂ ಹೇಳಬೇಕು. ಕಳಸ–ಹೊರನಾಡು ದಾರಿಯಲ್ಲಿ ಭದ್ರಾ ನದಿಯ ಮೇಲಿನ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಪದೇಪದೇ ಬರುತ್ತದೆ. ಅನ್ನಪೂರ್ಣೇಶ್ವರಿಯ ದರ್ಶನಕ್ಕೆಂದೇ ಬರುವವರಿಗೆ ಅಂಥ ದಿನ ಸುತ್ತುದಾರಿ ಹಿಡಿಯಬೇಕಾದೀತು ಎಂದು ಮೊದಲೇ ತಿಳಿದಿರಬೇಕು.

ಇನ್ನು ಕರೆಂಟು. ಕಾಡಿನ ನಡುವೆ ಹಾದುಬರುವ ತಂತಿಯ ಮೇಲೆ ಮರ ಬಿದ್ದರೆ ಲೈನ್‌ಮನ್ ಹುಡುಕಿಕೊಂಡು ಬರುವ ಹೊತ್ತಿಗೆ ಒಂದು ದಿನವಾದರೂ ಆಗುತ್ತದೆ, ಆಷಾಢದ ಗಾಳಿಯಲ್ಲಿ ಎರಡು ಮೂರು ದಿನ ಹಿಡಿದರೂ ಆಶ್ಚರ್ಯವಿಲ್ಲ. ‘ಇನ್ವರ್ಟರ್ ಇದೆ’ ಎಂದು ಬರೆದುಬಿಟ್ಟರೆ ಸಾಲದು, ಅದರಿಂದ ಏನು ನಡೆಯುತ್ತದೆ ಎಂದು ಬರೆಯಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ. ಹೊಸದಾಗಿದ್ದಾಗ, ಪೋಲಾಗುವುದನ್ನು ಕಳೆದು, ಅದರಿಂದ ಸುಮಾರು 1,200 ವ್ಯಾಟ್ ಅವರ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಮೂರು ಕೋಣೆಗಳ ಫ್ಯಾನು ಮತ್ತು ಮನೆಯ ದೀಪಗಳೆಲ್ಲ ಉರಿದರೆ 270 ವ್ಯಾಟ್‌ನಷ್ಟು ಬೇಕು. ನಾಲ್ಕೂವರೆ ಗಂಟೆಗೆ ಬ್ಯಾಟರಿ ಖಾಲಿ. ಮಳೆಗಾಲದಲ್ಲಿ ಫ್ಯಾನು ಯಾರಿಗೂ ಬೇಡವಾದ್ದರಿಂದ ದೀಪ ಮತ್ತು ಮೊಬೈಲ್ ಚಾರ್ಜಿಗೆ ಇಡೀ ರಾತ್ರಿ ಸಾಕಾಗುತ್ತದೆ. ಆದರೆ 2,000 ವ್ಯಾಟಿನ ಗೀಸರ್ ಇದರಲ್ಲಿ ನಡೆಯುವ ಮಾತೇ ಇಲ್ಲ.

ಹಾಗೆಂದು ಬಿಸಿನೀರಿಗೆ ಬರವಿಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ ಇದೆ, ಅಡಿಕೆ ಸೋಗೆ, ತೆಂಗಿನ ಗರಿ, ಒಣಗಿದ ಸೌದೆ ತುರುಕಿದರೆ ಮುಕ್ಕಾಲು ಗಂಟೆಯಲ್ಲಿ ನೀರು ಕುದಿಯುತ್ತದೆ. ‘ಬೆಳಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ಆರರಿಂದ ಎಂಟು’ ಎಂದು ಬರೆದರೆ ಅದು ನಿಜ. ಬಿಸಿಲು ಕಾಣದ ಜುಲೈನಲ್ಲೂ ‘ಸೋಲಾರ್, 24 ಗಂಟೆ’ ಅಂದರೆ ಸುಳ್ಳು. ವಾಸ್ತವವಾಗಿ ಅನೇಕರಿಗೆ ಆ ಹಂಡೆಯ ಸ್ನಾನವೇ ಮನಸ್ಸಿನಲ್ಲಿ ಉಳಿಯುವುದು. ಮನೆಯವರಿಗೆ ಮಾತ್ರ ಅದನ್ನು ಬರೆಯಲು ಸಂಕೋಚ!

ಕೋಣೆಗಳ ಬಗ್ಗೆ ಬರೆಯುವಾಗ ಒಂದಕ್ಕೆ ಮಾತ್ರ ಶೌಚಾಲಯ ಹೊಂದಿಕೊಂಡಿದೆ, ಉಳಿದ ಎರಡಕ್ಕೆ ಹಜಾರ ದಾಟಿ ಹೋಗಬೇಕು ಎಂಬುದನ್ನು ಹೇಳಿಬಿಡಬೇಕು. ಮಂಡಿ ನೋವಿನ ಅಜ್ಜಿ ಜೊತೆಗಿದ್ದರೆ ಯಾವ ಕೋಣೆ ಕೇಳಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಮೊಬೈಲ್ ಯಾವ ಕಂಪನಿಯದು ಸಿಗುತ್ತದೆ, ಅದೂ ಅಂಗಳದಲ್ಲೋ ಒಳಗೋ ಎಂಬುದು ಇನ್ನೊಂದು ಸಾಲು. ಬಾಡಿಗೆ ಕಾರಿನಲ್ಲಿ ಬರುವವರ ಡ್ರೈವರ್ ಎಲ್ಲಿ ಮಲಗುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಜಾಹೀರಾತು ತೀರಾ ಅಪರೂಪ. ಆತ ಚಳಿಯಲ್ಲಿ ಕಾರಿನೊಳಗೇ ಮುದುಡಿ ಮಲಗಿ, ಮರುದಿನ ಘಾಟಿಯಲ್ಲಿ ತೂಕಡಿಸುತ್ತಾ ಗಾಡಿ ಓಡಿಸುತ್ತಾನೆ. ಜಗಲಿಯ ಪಕ್ಕದ ಕೋಣೆ, ಹಾಸಿಗೆ, ಊಟ ಇದೆ ಅಂತ ಒಂದು ಸಾಲು ಬರೆದರೆ ಸಾಕು.

ಯಾವಾಗ ಬರಬೇಕು? ‘ವರ್ಷವಿಡೀ’ ಎನ್ನುವವರನ್ನು ನಂಬಬೇಡಿ. ನವೆಂಬರ್‌ನಿಂದ ಫೆಬ್ರವರಿ ಸುಲಭದ ಕಾಲ. ದಾರಿ ಒಣಗಿರುತ್ತದೆ, ಅಂಗಳದಲ್ಲಿ ಅಡಿಕೆ ಸುಲಿಯುವವರ ಸಾಲು ಕೂತಿರುತ್ತದೆ, ಕಾಫಿ ಹಣ್ಣು ಕೊಯ್ಲಿಗೆ ಬಂದಿರುತ್ತದೆ. ಆದರೆ ಮನೆಯವರಿಗೆ ವರ್ಷದಲ್ಲೇ ಅತಿ ಹೆಚ್ಚು ಕೆಲಸದ ಕಾಲವೂ ಅದೇ. ಅತಿಥಿಯ ಜೊತೆ ಕೂತು ಹರಟಲು ಯಜಮಾನರಿಗೆ ಪುರುಸೊತ್ತಿರುವುದಿಲ್ಲ, ಅಂಗಳದ ತುಂಬ ಅಡಿಕೆ ಹರಡಿದ್ದರೆ ಮಕ್ಕಳಿಗೆ ಆಡಲು ಜಾಗವೂ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಹರಡಿದರೂ ಮೂರ್ನಾಲ್ಕು ದಿನಕ್ಕೆ ಮುಗಿದುಹೋಗುತ್ತದೆ. ಯಾವ ವಾರವೆಂದು ಮುಂಚೆಯೇ ಹೇಳುವುದು ಯಾರಿಂದಲೂ ಆಗದು, ‘ಮಳೆ ಬಿದ್ದ ದಿನ ಫೋನ್ ಮಾಡುತ್ತೇವೆ’ ಎನ್ನಬಹುದಷ್ಟೆ. ಮೇ ಕೊನೆಯ ಹೊತ್ತಿಗೆ, ಮೊದಲ ಮಳೆಗಳ ಆಸುಪಾಸಿನಲ್ಲಿ ಮಿಂಚುಹುಳುಗಳ ರಾತ್ರಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆಯನ್ನೇ ನೋಡಲು ಬರುವವರದು. ಇದರ ಪರಿಚಯದಲ್ಲಿ ಇಂಬಳ ಬರಲೇಬೇಕು. ತೋಟಕ್ಕೆ ಕಾಲಿಟ್ಟರೆ ಹತ್ತುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತದೆ, ಪೇಟೆಯವರು ಗಾಬರಿ ಬೀಳುವುದು ಅದಕ್ಕೇ. ಸುಣ್ಣ ಹಚ್ಚಿದ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಿರುತ್ತಾರೆ, ಕಾಲಿಗೆ ಮುಟ್ಟಿಸಿದರೆ ಉದುರುತ್ತದೆ. ಇದಕ್ಕೆ ಪ್ರತಿಯಾಗಿ ಕಳಲೆ ಪಲ್ಯ, ಪತ್ರೊಡೆ, ಹಲಸಿನ ಹಪ್ಪಳ ಸಿಗುವುದೂ ಆಗಲೇ. ರಕ್ತ ಕಂಡರೆ ತಲೆಸುತ್ತು ಬರುವವರು ಜನವರಿಯಲ್ಲಿ ಬರುವುದು ಒಳ್ಳೆಯದು.

ಈ ಕಡೆಗೆ ಬರುವವರಲ್ಲಿ ಅರ್ಧ ಜನರ ಕಣ್ಣು ಕುದುರೆಮುಖ ಶಿಖರದ ಮೇಲೆ. ಹೆಚ್ಚು ಗೊಂದಲವಾಗುವುದೂ ಇಲ್ಲಿಯೇ. ಚಾರಣದ ಪರವಾನಗಿಯನ್ನು ಅರಣ್ಯ ಇಲಾಖೆ ಆನ್‌ಲೈನಿನಲ್ಲಿ ಕೊಡುತ್ತದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಯನ್ನೇ ಮುಚ್ಚುತ್ತಾರೆ. ಹೋಂಸ್ಟೇಗೆ ದುಡ್ಡು ಕಟ್ಟಿದ್ದೇವೆ, ಅವರೇ ಕರೆದುಕೊಂಡು ಹೋಗುತ್ತಾರೆ ಎಂದು ನಂಬಿ ಬಂದು ಗೇಟಿನಲ್ಲಿ ಜಗಳವಾಡಿದರೆ ಪ್ರಯೋಜನವಿಲ್ಲ. ಮೊದಲು ಚಾರಣದ ಟಿಕೆಟ್, ಆಮೇಲೆ ಕೋಣೆ ಎಂದು ಪರಿಚಯದಲ್ಲಿ ದಪ್ಪಕ್ಷರದಲ್ಲಿ ಇರಬೇಕು.

ಮನೆಯ ನಿಯಮಗಳನ್ನು ಕಾರಣದೊಂದಿಗೆ ಬರೆದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದೆಂಬುದು ದೇಶದ ಕಾನೂನು, ಮನೆಯವರ ಸಿಡುಕಲ್ಲ. ಅಡುಗೆ ಸಸ್ಯಾಹಾರ, ಮಾಂಸವನ್ನು ಹೊರಗಿಂದ ತಂದು ಬೇಯಿಸುವಂತಿಲ್ಲ. ಪ್ಯಾಡು, ಡಯಾಪರುಗಳನ್ನು ಕಮೋಡಿಗೆ ಹಾಕಬಾರದು, ಏಕೆಂದರೆ ಇಲ್ಲಿರುವುದು ಗುಂಡಿ, ಕಟ್ಟಿಕೊಂಡರೆ ತೆಗೆಯುವ ಗಾಡಿ ಈ ಏರು ಹತ್ತುವುದಿಲ್ಲ. ಎಲ್ಲಕ್ಕಿಂತ ಕಟ್ಟುನಿಟ್ಟಾದ್ದು ಹಳ್ಳದ ನಿಯಮ: ಮಳೆಗಾಲದಲ್ಲಿ ಇಳಿಯಲೇಬಾರದು. ಮನೆಯ ಬಳಿ ಹನಿಯೂ ಇಲ್ಲದಿರುವಾಗ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಕೆಲವೇ ನಿಮಿಷದಲ್ಲಿ ಕೆಂಪು ನೀರಾಗಿ ಬರುತ್ತದೆ. ನೀರಿನ ಬಣ್ಣ ಬದಲಾಯಿತು, ತರಗೆಲೆ ತೇಲಿ ಬಂತು ಅಂದರೆ ಫೋಟೊ ತೆಗೆಯುತ್ತ ನಿಲ್ಲದೆ ದಡ ಹತ್ತಬೇಕು.

ಕಾಯ್ದಿರಿಸುವಾಗ ಮೊದಲ ಕೆಲಸ ಫೋನಿನಲ್ಲಿ ಮಾತಾಡುವುದು. ಎಷ್ಟು ಜನ, ಮಕ್ಕಳ ವಯಸ್ಸು, ಯಾವ ಗಾಡಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯವರು ಕೇಳಬೇಕು. ಕೇಳದಿದ್ದರೆ ಅನುಮಾನಪಡಿ. ಒಂದು ಕುಟುಂಬದ ಲೆಕ್ಕ ನೋಡೋಣ. ಗಂಡ ಹೆಂಡತಿ, ಅಜ್ಜಿ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ಮೂರು ಊಟ, ತಿಂಡಿ ಸೇರಿ ತಲೆಗೆ ದಿನಕ್ಕೆ 1,800, ಐದರಿಂದ ಹತ್ತು ವರ್ಷದವರಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ ಎಂದಾದರೆ ರಾತ್ರಿಗೆ 6,300. ಎರಡು ರಾತ್ರಿಗೆ 12,600, ಜೀಪಿಗೆ 800, ಒಟ್ಟು 13,400. ಇದಿಷ್ಟನ್ನೂ ಮನೆಯವರು ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸಿದ ಮೇಲೆ 4,000 ಮುಂಗಡ ಹಾಕಿ, ಮಿಕ್ಕಿದ್ದು ಹೊರಡುವ ದಿನ. ಸಂಜೆಯ ಕಾಫಿ, ಬಜ್ಜಿ ಸೇರಿದೆಯೋ ಇಲ್ಲವೋ ಎಂಬುದೂ ಆ ಬರಹದಲ್ಲಿರಲಿ, ಕಸಿವಿಸಿ ಹುಟ್ಟುವುದು ಇಂಥ ಚಿಲ್ಲರೆ ವಿಷಯಕ್ಕೇ.

ಹಣ ಹಾಕುವ ಮುಂಚೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಯುಪಿಐನಲ್ಲಿ ಕಾಣುವ ಹೆಸರು ಮಾತಾಡಿದವರ ಹೆಸರೇ ಹೌದೇ ನೋಡಿ. ಯಾರದೋ ಮನೆಯ ಫೋಟೊ ಕದ್ದು ಮುಂಗಡ ನುಂಗುವವರಿದ್ದಾರೆ. ಅಂಥವರಿಗೆ ‘ಕೊನೆಯ ತಿರುವಿನಲ್ಲಿ ಏನಿದೆ, ಬಸ್ಸಿನಲ್ಲಿ ಬಂದರೆ ಎಲ್ಲಿ ಇಳಿಯಬೇಕು’ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಹಣ ವಾಪಸು ಪಡೆಯಲು ನಿಮ್ಮ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಡಿ, ಹಣ ಬರಲು ಪಿನ್ ಬೇಕಾಗುವುದಿಲ್ಲ. ಬಂದ ದಿನ ಎಲ್ಲ ದೊಡ್ಡವರ ಗುರುತಿನ ಚೀಟಿ ತೋರಿಸಬೇಕು. ವಿದೇಶಿ ಪಾಸ್‌ಪೋರ್ಟಿನ ಬಂಧುಗಳು ಜೊತೆಗಿದ್ದರೆ ಮೊದಲೇ ತಿಳಿಸಿ, ಅವರ ವಿವರವನ್ನು ಮನೆಯವರು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ.

ರದ್ದತಿಯ ಮಾತು ಮುಂಗಡಕ್ಕೆ ಮೊದಲೇ ಆಗಿರಬೇಕು. ವಾರದ ಮುಂಚೆ ತಿಳಿಸಿದರೆ ಪೂರ್ತಿ ವಾಪಸು, ಆಮೇಲಾದರೆ ಅರ್ಧ ಎಂಬುದು ಇಬ್ಬರಿಗೂ ಒಗ್ಗುವ ಕರಾರು. ರೆಡ್ ಅಲರ್ಟ್ ಬಂದು ಘಾಟಿ ರಸ್ತೆ ಮುಚ್ಚಿದರೆ ಮುಂಗಡವನ್ನು ಬೇರೆ ತಾರೀಕಿಗೆ ಹೊಂದಿಸಿಕೊಡುವ ಮನೆಗಳೂ ಇವೆ. ಹೊರಡುವ ಹಿಂದಿನ ಸಂಜೆ ಒಮ್ಮೆ ಫೋನ್ ಮಾಡಿ ದಾರಿ ಹೇಗಿದೆ ಎಂದು ಕೇಳಿ, ಕೊಟ್ಟಿಗೆಹಾರದ ಕಡೆಯಿಂದ ಬರುವುದಾದರೆ ಮಂಜು ಕವಿಯುವ ಮೊದಲು, ಸಂಜೆ ಐದರೊಳಗೆ ತಲುಪುವ ಹಾಗೆ ಹೊರಡಿ.