ಪ್ಯಾಲೆಟ್ ದಾಟಿದ ಬಾಕ್ಸು

ಪೀಣ್ಯದಲ್ಲಿ ಸಣ್ಣದೊಂದು ಮಷಿನಿಂಗ್ ಕಾರ್ಖಾನೆ ನಡೆಸುವ ಗೆಳೆಯರೊಬ್ಬರು ಬೆಳಗ್ಗೆ ಶಿಫ್ಟ್ ಶುರುವಾಗುವ ಮೊದಲು, ಕಾಫಿ ಲೋಟ ಕೈಯಲ್ಲಿ ಹಿಡಿದೇ ಫೋನಿನಲ್ಲಿ ಮೇಲ್ ನೋಡುತ್ತಾರೆ. ನೋಡುತ್ತಾರೆ ಎನ್ನುವುದಕ್ಕಿಂತ ಅಳಿಸುತ್ತಾರೆ ಎನ್ನಬೇಕು. ಗ್ರಾಹಕ ಕಂಪನಿಯ ಶೆಡ್ಯೂಲ್, ಬ್ಯಾಂಕಿನ ನೋಟಿಸು, ಆಡಿಟರ್ ಕಳಿಸಿದ ಜಿಎಸ್‌ಟಿ ನೆನಪೋಲೆ ಇವಿಷ್ಟು ಉಳಿಯುತ್ತವೆ. "ಪ್ಯಾಕೇಜಿಂಗ್ ಕ್ಷೇತ್ರದಲ್ಲಿ ಹದಿನೈದು ವರ್ಷಗಳ ಅನುಭವವುಳ್ಳ ನಮ್ಮ ಸಂಸ್ಥೆ" ಎಂದು ಶುರುವಾಗುವುದು ಉಳಿಯುವುದಿಲ್ಲ. ದಿನಕ್ಕೆ ಅಂಥವು ಐದಾರು ಬರುತ್ತವಂತೆ.

"ಒಂದನ್ನಾದರೂ ಪೂರ್ತಿ ಓದಿದ್ದೀರಾ?" ಎಂದು ಕೇಳಿದೆ.

"ಒಂದನ್ನ ಓದಿದೀನಿ. ನಿಮ್ಮ ಬಾಕ್ಸು ಪ್ಯಾಲೆಟ್‌ನಿಂದ ಆಚೆ ಬಂದಿದೆ ಅಂತ ಬರೆದಿದ್ದ. ಹೋಗಿ ನೋಡಿದೆ. ಬಂದಿತ್ತು."

ಗುರುತಿಲ್ಲದವರಿಗೆ ವ್ಯಾಪಾರಕ್ಕಾಗಿ ಬರೆಯುವ ಮೊದಲ ಮೇಲಿಗೆ ಮಾರಾಟದ ಜನ 'ಕೋಲ್ಡ್ ಮೇಲ್' ಎನ್ನುತ್ತಾರೆ. ಗೆಳೆಯರು ಅದನ್ನೂ ಅದರ ಹಿಂದೆ ಬಂದ ಮೂರು ಮೇಲುಗಳನ್ನೂ ನನಗೆ ತೋರಿಸಿದರು. ಬರೆದವನು ಇಂಡಸ್ಟ್ರಿಯಲ್ ಪ್ಯಾಕಿಂಗ್ ಸಾಮಾನು ಮಾಡುವ ಚಿಕ್ಕ ಘಟಕವೊಂದರ ಹುಡುಗ. ರಟ್ಟಿನ ಬಾಕ್ಸು ಅವರ ಮುಖ್ಯ ಮಾಲು.

ಅವನು ಮೇಲ್ ಬರೆಯುವ ಮೊದಲು ಮಾಡಿದ್ದು ಒಂದೇ ಕೆಲಸ. ಸಂಜೆ ಲೋಡಿಂಗ್ ಹೊತ್ತಿನಲ್ಲಿ ಗೇಟಿನ ಎದುರು ಟೀ ಅಂಗಡಿಯಲ್ಲಿ ನಿಂತು ಲಾರಿ ನೋಡಿದ್ದು. ಮರದ ಪ್ಯಾಲೆಟ್ ಮೇಲೆ ಸುಟ್ಟು ಒತ್ತಿದ ತೆನೆಯ ಗುರುತು ಕಾಣಿಸಿತು. ಮರಕ್ಕೆ ಶಾಖ ಕೊಟ್ಟು ಹುಳ ಸಾಯಿಸಲಾಗಿದೆ ಎನ್ನಲು ಹಾಕುವ ಐಎಸ್‌ಪಿಎಂ-15 ಮುದ್ರೆ ಅದು. ಹಾಗಾದರೆ ಮಾಲು ಹಡಗು ಹತ್ತುತ್ತದೆ. ಪ್ಯಾಲೆಟ್ ಅಳತೆ ಯುರೋಪಿನಲ್ಲಿ ಬಳಸುವ 1200ಕ್ಕೆ 800 ಮಿಲಿಮೀಟರ್‌ನದು. ಬಾಕ್ಸುಗಳು ನಾಲ್ಕು ಸಾಲು ಎತ್ತರ, ಒಂದೊಂದು ಸಾಲಿನಲ್ಲಿ ಎಂಟು. ಅಂಚಿನ ಬಾಕ್ಸುಗಳು ಹಲಗೆಯಿಂದ ಬೆರಳಗಲ ಹೊರಗೆ ತೂಗುತ್ತಿದ್ದವು.

ಇದು ಯಾಕಾಗುತ್ತದೆ ಎಂಬುದು ಬಾಕ್ಸಿನವರಿಗೆ ಗೊತ್ತು, ಕೊಳ್ಳುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ರಟ್ಟಿನ ಬಾಕ್ಸಿಗೆ ಆರ್ಡರ್ ಕೊಡುವುದು ಒಳ ಅಳತೆಯಲ್ಲಿ. ಇಲ್ಲಿ ಒಳ ಅಳತೆ 400ಕ್ಕೆ 300. ಲೆಕ್ಕದ ಪ್ರಕಾರ 1200 ಉದ್ದಕ್ಕೆ 300ರ ನಾಲ್ಕು ಬಾಕ್ಸು ಸರಿಯಾಗಿ ಕೂರಬೇಕು. ಆದರೆ ಐದು ಪದರದ ರಟ್ಟು ಒಂದೊಂದು ಗೋಡೆಗೆ ಸುಮಾರು 6 ಮಿಲಿಮೀಟರ್ ದಪ್ಪ. ಎರಡು ಗೋಡೆ ಸೇರಿದರೆ 300 ಇದ್ದದ್ದು ಹೊರಗಿನಿಂದ 312 ಆಯಿತು. ನಾಲ್ಕು ಬಾಕ್ಸಿಗೆ 1248. ಹೆಚ್ಚಾದ 48 ಮಿಲಿಮೀಟರು ಎರಡೂ ಕಡೆ ಹಂಚಿಕೊಂಡು 24-24 ಹೊರಗೆ ನಿಂತಿದೆ.

ಬಾಕ್ಸು ಭಾರ ಹೊರುವುದು ಮುಖ್ಯವಾಗಿ ತನ್ನ ನಾಲ್ಕು ಲಂಬ ಮೂಲೆಗಳಿಂದ. ಗೋಡೆಯ ನಡುಭಾಗ ಸ್ವಲ್ಪ ಒತ್ತಿದರೂ ಉಬ್ಬುತ್ತದೆ. ಅಂಚಿನ ಬಾಕ್ಸಿನ ಎರಡು ಮೂಲೆಗಳ ಕೆಳಗೆ ಹಲಗೆಯೇ ಇಲ್ಲದಿದ್ದರೆ ಅದರ ತಾಳಿಕೆಯಲ್ಲಿ ಕಾಲು ಭಾಗವೋ ಇನ್ನೂ ಹೆಚ್ಚೋ ಹೋಗಬಹುದು. ಅದರ ಮೇಲೆ ಕಂಟೇನರಿನೊಳಗಿನ ತೇವ. ಗಾಳಿಯ ತೇವಾಂಶ ಶೇಕಡಾ 90ರ ಸುತ್ತ ನಿಂತರೆ ಒಣ ರಟ್ಟಿನ ಬಲದಲ್ಲಿ ಹೆಚ್ಚುಕಡಿಮೆ ಅರ್ಧವೇ ಉಳಿಯುವುದು. ಕೆಳಸಾಲು ಕುಗ್ಗುತ್ತದೆ, ಬಾಕ್ಸು ಓರೆಯಾಗುತ್ತದೆ, ಒಳಗಿನ ಪ್ಲಾಸ್ಟಿಕ್ ಚೀಲ ಹರಿದು ಎರಕದ ಭಾಗಕ್ಕೆ ತುಕ್ಕು ಹಿಡಿಯುತ್ತದೆ. ಅಲ್ಲಿಂದ ಡೆಬಿಟ್ ನೋಟ್ ಬರುತ್ತದೆ.

ಮೊದಲ ಮೇಲಿನ ವಿಷಯದ ಸಾಲು: 'ಪ್ಯಾಲೆಟ್ ಅಂಚಿನ ಬಾಕ್ಸುಗಳ ಬಗ್ಗೆ'. ಒಳಗಿದ್ದದ್ದು ಇಷ್ಟು:

"ಸರ್, ನಮಸ್ಕಾರ. ಮೊನ್ನೆ ಸಂಜೆ ನಿಮ್ಮ ಗೇಟಿನ ಮುಂದೆ ಹೋಗುವಾಗ ಲಾರಿಗೆ ಲೋಡ್ ಆಗುತ್ತಿದ್ದ ಪ್ಯಾಲೆಟ್ ನೋಡಿದೆ. ಅಂಚಿನ ಬಾಕ್ಸುಗಳು ಹಲಗೆಯಿಂದ ಒಂದು ಇಂಚಿನಷ್ಟು ಹೊರಗಿದ್ದವು. ಒಳ ಅಳತೆ 300 ಇದ್ದರೆ ಹೊರಗೆ 312 ಆಗಿ ಹೀಗಾಗುತ್ತದೆ. ಬಾಕ್ಸಿನ ಆ ಒಂದು ಅಳತೆಯನ್ನು ಅರ್ಧ ಇಂಚು ಇಳಿಸಿದರೆ ಪ್ಯಾಲೆಟ್ ಉದ್ದದೊಳಗೇ ಕೂರುತ್ತದೆ, ರಟ್ಟೂ ಸ್ವಲ್ಪ ಕಡಿಮೆ ಹಿಡಿಯುತ್ತದೆ. ನಾವು ದಾಬಸ್‌ಪೇಟೆಯಲ್ಲಿ ಬಾಕ್ಸು ಮಾಡುತ್ತೇವೆ. ಒಂದು ಪ್ರಶ್ನೆ: ಭಾಗವನ್ನು ಒಳಗಿಟ್ಟ ಮೇಲೆ ಆ ಪಕ್ಕದಲ್ಲಿ ಎಷ್ಟು ಜಾಗ ಉಳಿಯುತ್ತದೆ? ಅರ್ಧ ಇಂಚು ಉಳಿಯುವುದಾದರೆ ಎರಡು ಸ್ಯಾಂಪಲ್ ಮಾಡಿ ಕೊಡುತ್ತೇನೆ, ದುಡ್ಡು ಬೇಡ."

ಕೆಳಗೆ ಹೆಸರು, ಫೋನ್ ನಂಬರು. ಬ್ರೋಷರ್ ಇಲ್ಲ, ರೇಟ್ ಪಟ್ಟಿ ಇಲ್ಲ. ಅಟ್ಯಾಚ್‌ಮೆಂಟ್ ಇಲ್ಲದ್ದು ಜಾಣತನ. 'ಪೇಮೆಂಟ್ ಅಡ್ವೈಸ್' ಎಂಬ ಹೆಸರಿನ ಕಳ್ಳ ಫೈಲು ತೆರೆದು ಕೈ ಸುಟ್ಟುಕೊಂಡವರ ಕಥೆ ಕೇಳಿದ ಮಾಲೀಕ, ಗುರುತಿಲ್ಲದವರ ಪಿಡಿಎಫ್ ಮುಟ್ಟುವುದಿಲ್ಲ. ರೇಟು ಬರೆಯದಿದ್ದದ್ದೂ ಸರಿಯೇ. ಅಳತೆ, ಕಾಗದ, ತಿಂಗಳ ಸಂಖ್ಯೆ ಗೊತ್ತಿಲ್ಲದೆ ಬಾಕ್ಸಿಗೆ ರೇಟು ಹೇಳುವವನು ಸುಳ್ಳು ಹೇಳುತ್ತಿರುತ್ತಾನೆ. ಇನ್ನೊಂದು ಸೂಕ್ಷ್ಮ: 'ನಿಮ್ಮ ಪ್ಯಾಕಿಂಗ್ ಸರಿಯಿಲ್ಲ' ಎಂದು ಅವನು ಬರೆಯಲಿಲ್ಲ. ಆ ಬಾಕ್ಸಿನ ಅಳತೆ ಹೇಳಿದವರು ಮಾಲೀಕರೇ ಇರಬಹುದು, ಕೊಡುತ್ತಿರುವವನು ಅವರ ಭಾವಮೈದನೇ ಇರಬಹುದು.

ಗೆಳೆಯರು ಹೋಗಿ ನೋಡಿದರು, ಆದರೆ ಉತ್ತರ ಬರೆಯಲಿಲ್ಲ. ಯಾಕೆ ಎಂದರೆ, "ಅವತ್ತು 11ನೇ ತಾರೀಕು" ಎಂದರು. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 ಸಲ್ಲಿಸುವ ಕೊನೇ ದಿನ 11, ಜಿಎಸ್‌ಟಿಆರ್-3ಬಿಗೆ 20. ತಿಂಗಳ ಕೊನೆಯ ನಾಲ್ಕು ದಿನ ಡಿಸ್ಪ್ಯಾಚ್ ಗಲಾಟೆ. ಆಯುಧಪೂಜೆಯ ವಾರದಲ್ಲಂತೂ ಕೇಳುವುದೇ ಬೇಡ. ಕಳಿಸುವವನು ಕ್ಯಾಲೆಂಡರ್ ನೋಡಬೇಕಾದ್ದು ಇದಕ್ಕೆ.

ಐದನೇ ದಿನ ಎರಡನೇ ಮೇಲ್ ಬಂತು. ಹೊಸದಾಗಿ ಬರೆಯದೆ ಮೊದಲ ಮೇಲಿಗೇ ರಿಪ್ಲೈ ಒತ್ತಿ ಬರೆದದ್ದರಿಂದ ಹಳೆಯದು ಕೆಳಗೇ ಇತ್ತು. 'ನನ್ನ ಮೇಲ್ ನೋಡಿದಿರಾ?' ಎಂಬ ಸಾಲು ಇರಲಿಲ್ಲ. ಆ ಸಾಲಿನಲ್ಲಿ ಓದುವವನಿಗೆ ಸಿಗುವುದು ತಪ್ಪಿತಸ್ಥ ಭಾವನೆ ಮಾತ್ರ. ಇದರಲ್ಲಿ ಒಂದು ಲೆಕ್ಕ ಇತ್ತು: "ಸರ್, ಒಂದು ಬಾಕ್ಸು 18 ಕೆಜಿ ಅಂದುಕೊಂಡರೆ ಕೆಳಸಾಲಿನ ಪ್ರತಿ ಬಾಕ್ಸಿನ ಮೇಲೆ ಮೂರು ಬಾಕ್ಸು, 54 ಕೆಜಿ. ಹಡಗಿನ ವಾರಗಳು, ತೇವ, ಕುಲುಕಾಟ ಎಲ್ಲ ಸೇರಿಸಿ ನಾವು ಅದರ ನಾಲ್ಕು ಪಟ್ಟು, 216 ಕೆಜಿ ತಾಳುವ ಬಾಕ್ಸು ಕೊಡುತ್ತೇವೆ. ನಿಮ್ಮ ಈಗಿನ ಬಾಕ್ಸು ಎಷ್ಟು ತಾಳುತ್ತದೆ ಅಂತ ಮಾಡಿದವರನ್ನೇ ಕೇಳಿ, ಟೆಸ್ಟ್ ರಿಪೋರ್ಟ್ ಇರುತ್ತದೆ."

ಈ ಕೊನೇ ವಾಕ್ಯ ನನಗೆ ಹಿಡಿಸಿತು. ಎದುರಾಳಿಯನ್ನು ಬೈಯದೆ ಎದುರಾಳಿಯ ಬಳಿಗೇ ಕಳಿಸಿದ್ದಾನೆ. ಗೆಳೆಯರು ಫೋನ್ ಮಾಡಿ ಕೇಳಿದರು. ರಿಪೋರ್ಟ್ ಇರಲಿಲ್ಲ.

ಆಗ ಅವರು ಉತ್ತರ ಬರೆದರು. ಎರಡೇ ಪದ: 'ರೇಟ್ ಕಳಿಸಿ'. ಹೊಸಬರು ಇದನ್ನು ಗೆಲುವು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಇದರ ಅರ್ಥ, ಈಗ ಕೊಡುತ್ತಿರುವವನ ಮುಂದೆ ಹಿಡಿದು ಚೌಕಾಸಿ ಮಾಡಲು ಒಂದು ಕಾಗದ ಬೇಕು ಎಂದಷ್ಟೇ. ಬರೀ ಅಂಕಿ ಕಳಿಸಿದರೆ ಅದು ಅದೇ ಕೆಲಸಕ್ಕೆ ಹೋಗುತ್ತದೆ. ಹುಡುಗ ಮೂರು ಸಂಗತಿ ಕೇಳಿದ: ಒಳ ಅಳತೆ, ಒಂದು ಬಾಕ್ಸಿನ ತೂಕ, ತಿಂಗಳಿಗೆ ಎಷ್ಟು. ಕೋಟ್ ಕಳಿಸುವಾಗ ಪ್ರತಿ ಪದರದ ಜಿಎಸ್‌ಎಂ ಮತ್ತು ಬಿಎಫ್ ಬರೆದು ಕಳಿಸಿದ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ. ಬಿಎಫ್ ಎಂದರೆ ಅದೇ ತೂಕಕ್ಕೆ ಕಾಗದ ಎಷ್ಟು ಒತ್ತಡದಲ್ಲಿ ಒಡೆಯುತ್ತದೆ ಎಂಬ ಅಳತೆ. 16 ಬಿಎಫ್ ಕಾಗದಕ್ಕೂ 20 ಬಿಎಫ್ ಕಾಗದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು, ತಕ್ಕಡಿಯಲ್ಲೂ ಕಾಣದು. ಅಗ್ಗದ ಕೋಟ್ ಅಗ್ಗವಾಗುವುದು ಬಹಳ ಸಲ ಇಲ್ಲೇ. ಬಿಎಫ್ ಬರೆದ ಕೋಟನ್ನು ಬರೆಯದ ಕೋಟಿನ ಪಕ್ಕ ಇಟ್ಟರೆ ಮಾಲೀಕರಿಗೆ ಕೇಳಲು ಒಂದು ಪ್ರಶ್ನೆ ಸಿಗುತ್ತದೆ.

ಆಮೇಲೆ ಹತ್ತು ದಿನ ಮೌನ. ನಿಜವಾದ ತೊಡಕು ಮೇಲಿನಲ್ಲಿ ಎಲ್ಲೂ ಬರೆದಿರಲಿಲ್ಲ, ಗೆಳೆಯರೇ ಬಾಯಿ ಬಿಟ್ಟರು. "ಹಳಬ ಮೂರು ತಿಂಗಳು ತಡವಾದರೂ ಕೇಳಲ್ಲ. ಕೋವಿಡ್ ಟೈಮಲ್ಲಿ ಒಂದು ವರ್ಷ ಸುಮ್ಮನಿದ್ದ. ಅವನನ್ನ ಹೆಂಗೆ ಬಿಡಲಿ?" ಸಣ್ಣ ಕಾರ್ಖಾನೆ ಕೊಳ್ಳುವುದು ಬಾಕ್ಸನ್ನಲ್ಲ, ಸಾಲವನ್ನು. ಬಾಕ್ಸು ಅದರ ಜೊತೆ ಬರುತ್ತದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಗೆ, ಬರವಣಿಗೆಯ ಒಪ್ಪಂದ ಇದ್ದರೂ, 45 ದಿನದೊಳಗೆ ಹಣ ಕೊಡಬೇಕು. ಇದನ್ನು ಮೇಲಿನಲ್ಲಿ ಬರೆಯುವವರೂ ಇದ್ದಾರೆ. ಇನ್ನೂ ಮಾಲೇ ಕೊಡದವನು ವಸೂಲಿಯ ಕಾನೂನು ಹೇಳಿದರೆ ಯಾರು ಬಾಗಿಲು ತೆಗೆಯುತ್ತಾರೆ?

ಮೂರನೇ ಮೇಲ್ ಈ ಗಂಟನ್ನು ಊಹಿಸಿ ಬರೆದಂತಿತ್ತು. "ಸರ್, ಈಗಿನವರನ್ನು ಬಿಡಿ ಅಂತ ಹೇಳುತ್ತಿಲ್ಲ. ರಫ್ತಿನ ಈ ಒಂದು ಅಳತೆಯ ಬಾಕ್ಸು ಮಾತ್ರ, 200ರಷ್ಟು, ನಮ್ಮಿಂದ ತೆಗೆದುಕೊಂಡು ನೋಡಿ. ಉಳಿದದ್ದು ಅವರದೇ ಇರಲಿ. ಗುರುವಾರ ಆ ಕಡೆ ಬರುತ್ತೇನೆ, ಎರಡು ಸ್ಯಾಂಪಲ್ ಸೆಕ್ಯುರಿಟಿ ಹತ್ತಿರ ಇಟ್ಟು ಹೋಗಲೇ?" ಎರಡನೇ ಪೂರೈಕೆದಾರನಾಗಿ ಒಳಗೆ ಬರುವ ಈ ದಾರಿ ನಿಧಾನದ್ದು, ಆದರೆ ಇರುವುದು ಅದೊಂದೇ. ಹಳಬನ ಮಾಲು ತಡವಾದ ದಿನ ಮಾಲೀಕರಿಗೆ ನೆನಪಾಗುವ ನಂಬರು ಇವನದಾಗಿರಬೇಕು, ಅಷ್ಟೇ.

'ಇಡಿ' ಎಂದು ಗೆಳೆಯರು ಬರೆದರು. ಸ್ಯಾಂಪಲ್ ಬಂತು. ಭಾಗ ಹಾಕಿ ನೋಡಿದರೆ ಪಕ್ಕದಲ್ಲಿ ಉಳಿದ ಜಾಗ ಬರೀ 5 ಮಿಲಿಮೀಟರು. ಮೂಲೆಯ ಫೋಮ್ ತುಂಡು ತೆಳ್ಳಗೆ ಮಾಡಿಸಬೇಕಾಯಿತು. ಗೇಟಿನಿಂದ ನೋಡಿ ಬರೆದ ಊಹೆಗೆ ಈ ಮಿತಿ ಇದ್ದೇ ಇದೆ, ಮೊದಲ ಮೇಲಿನ ಪ್ರಶ್ನೆ ಇದ್ದದ್ದು ಅದಕ್ಕೇ.

ನಾಲ್ಕನೆಯದು ತಿಂಗಳ ಮೇಲೆ ಬಂತು: "ಇನ್ನು ಬರೆದು ತೊಂದರೆ ಕೊಡುವುದಿಲ್ಲ ಸರ್. ಅಳತೆ ನಮ್ಮ ಹತ್ತಿರ ಬರೆದಿಟ್ಟುಕೊಂಡಿದ್ದೇವೆ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಒಂದು ಸಲ ಫೋನ್ ಮಾಡುತ್ತೇನೆ." ಹಾಗೆ ಹೇಳಿ ನಿಜವಾಗಿಯೂ ನಿಲ್ಲಿಸಿದ.

ಇದೇ ಹುಡುಗ ಒಂದು ಪಟ್ಟಿ ಕೊಂಡು, ಅದೇ ಮೇಲನ್ನು ಐನೂರು ಜನಕ್ಕೆ ಕಳಿಸಿದ್ದರೆ ಪ್ಯಾಲೆಟ್ಟಿನ ಮಾತೇ ಬರುತ್ತಿರಲಿಲ್ಲ. ಜೊತೆಗೆ ಅರ್ಧಕ್ಕರ್ಧ ಜನ ಅದನ್ನು ಕಾಣುತ್ತಲೂ ಇರಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ತನ್ನ ಖಾತೆಗಳಿಗೆ ಬರುವ ಮೇಲಿಗೆ ಕಳಿಸುವವರ ಡೊಮೈನಿನಲ್ಲಿ ಎಸ್‌ಪಿಎಫ್ ಅಥವಾ ಡಿಕೆಐಎಂ ಎಂಬ ಗುರುತಿನ ದಾಖಲೆ ಬೇಕೆನ್ನುತ್ತದೆ. ಜನ 'ಸ್ಪ್ಯಾಮ್' ಒತ್ತುತ್ತ ಹೋದರೆ ಆ ಡೊಮೈನಿನಿಂದ ಹಳೇ ಗ್ರಾಹಕರಿಗೆ ಕಳಿಸಿದ ಬಿಲ್ಲೂ ಸ್ಪ್ಯಾಮಿಗೆ ಬೀಳತೊಡಗುತ್ತದೆ. ಮೇಲ್ ತೆರೆದರೋ ಇಲ್ಲವೋ ಎಂದು ತೋರಿಸುವ ಸಾಫ್ಟ್‌ವೇರುಗಳ ಲೆಕ್ಕವನ್ನೂ ನಂಬಬೇಡಿ. ಚಿತ್ರಗಳನ್ನು ಮೇಲ್ ಸೇವೆಯೇ ಮೊದಲು ಇಳಿಸಿಕೊಳ್ಳುವುದರಿಂದ ಯಾರೂ ನೋಡದ ಮೇಲೂ 'ತೆರೆದಿದೆ' ಎನ್ನುತ್ತದೆ. ದಿನಕ್ಕೆ ನಾಲ್ಕು ಗೇಟು ನೋಡಿ ನಾಲ್ಕು ಮೇಲ್ ಬರೆಯುವುದು ವಾಸಿ.

ಮೇ ತಿಂಗಳಲ್ಲಿ ಫೋನ್ ಬಂತಾ ಎಂದು ಗೆಳೆಯರನ್ನು ಕೇಳಿದೆ. "ಬಂತು. 200 ಬಾಕ್ಸು ತಗೊಂಡೆ. ಉಳಿದದ್ದೆಲ್ಲ ಇನ್ನೂ ಹಳಬನದೇ."