ವಕೀಲರನ್ನು ಕೊಟ್ಟು, ಹಣದ ಮಾತು ಕೊಡದ ಪತ್ರ

ಕ್ಯಾಲಿಫೋರ್ನಿಯಾದ ಒಂದು ಮನೆಯ ಔತಣದಲ್ಲಿ ಜಗಳವಾಗಿ, ಮನೆಯ ಯಜಮಾನ ತಳ್ಳಿದ್ದರಿಂದ ಅತಿಥಿಯೊಬ್ಬ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡ ಎಂದಿಟ್ಟುಕೊಳ್ಳಿ. ಅತಿಥಿ ದಾವೆ ಹೂಡುತ್ತಾನೆ: ಯಜಮಾನ ಬೇಕೆಂದೇ ತಳ್ಳಿದ, ಅಲ್ಲವಾದರೆ ಅಜಾಗರೂಕತೆಯಿಂದ ನಡೆದುಕೊಂಡ. ಅಜಾಗರೂಕತೆಗೆ ಗೃಹವಿಮೆ ಹಣ ಕೊಡುತ್ತದೆ. ಬೇಕೆಂದೇ ಮಾಡಿದ ಹಾನಿಗೆ ಕೊಡುವುದಿಲ್ಲ. ಯಾವುದು ನಿಜವೆಂದು ತೀರ್ಪಿನವರೆಗೂ ತಿಳಿಯದಿರಬಹುದು, ಆದರೆ ವಕೀಲರು ಇಂದೇ ಬೇಕು.

ಆಗ ವಿಮಾ ಕಂಪನಿ ಕಳಿಸುವುದೇ ‘ರಿಸರ್ವೇಶನ್ ಆಫ್ ರೈಟ್ಸ್’ ಪತ್ರ. ‘ವಕೀಲರ ಖರ್ಚು ನಮ್ಮದು, ಆದರೆ ಕೃತ್ಯ ಉದ್ದೇಶಪೂರ್ವಕವೆಂದು ಸಾಬೀತಾದರೆ ಪರಿಹಾರ ನಿರಾಕರಿಸುವ ಹಕ್ಕು ನಮಗಿದೆ’ ಎಂಬುದು ಅದರ ಸಾರ. ಇದು ನಿರಾಕರಣೆಯಲ್ಲ, ಒಪ್ಪಿಗೆಯೂ ಅಲ್ಲ. ಪತ್ರ ಕಳಿಸದೆ ಮೊಕದ್ದಮೆ ನಡೆಸಿ ಕೊನೆಗೆ ಕೈಯೆತ್ತಿದರೆ, ಆ ಹಕ್ಕನ್ನು ಕಂಪನಿ ಬಿಟ್ಟುಕೊಟ್ಟಿದೆ ಎಂದು ಯಜಮಾನ ವಾದಿಸಬಹುದು.

ತೊಡಕು ಇರುವುದು ವಕೀಲರಲ್ಲಿ. ಕಂಪನಿ ನೇಮಿಸಿದ ವಕೀಲರು ವಾದವನ್ನು ‘ಉದ್ದೇಶ’ದ ಕಡೆ ತಿರುಗಿಸಿದರೆ ಕಂಪನಿಗೆ ಲಾಭ, ಯಜಮಾನನಿಗೆ ನಷ್ಟ. 1984ರ ಕ್ಯೂಮಿಸ್ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಇಂಥ ಹಿತಾಸಕ್ತಿ ಸಂಘರ್ಷವಿದ್ದರೆ ವಿಮೆದಾರ ಆರಿಸಿಕೊಂಡ ಸ್ವತಂತ್ರ ವಕೀಲರಿಗೆ ಕಂಪನಿಯೇ ಹಣ ಕೊಡಬೇಕೆಂದಿತು. ಬಳಿಕ ಅದು ರಾಜ್ಯದ ಸಿವಿಲ್ ಸಂಹಿತೆಯ 2860ನೇ ಕಲಮಾಯಿತು. ಆದರೆ ಹಕ್ಕು ಕಾಯ್ದಿರಿಸಿದ ಮಾತ್ರಕ್ಕೆ ಈ ಸೌಲಭ್ಯ ಸಿಗದು. ವಿವಾದದ ಅಂಶ ವಕೀಲರ ಹಿಡಿತದಲ್ಲಿರಬೇಕು.

ಆದ್ದರಿಂದ ಪತ್ರ ಬಂದಾಗ ನೋಡಬೇಕಾದ್ದು, ಪಾಲಿಸಿಯ ಯಾವ ಷರತ್ತನ್ನು ಯಾವ ಸಂಗತಿಗೆ ಅನ್ವಯಿಸಲಾಗಿದೆ ಎಂಬುದು. ಅದು ಸ್ಪಷ್ಟವಾಗಿಲ್ಲದಿದ್ದರೆ ಲಿಖಿತ ವಿವರಣೆ ಕೇಳಬೇಕು.